ಸೋರುವ ಸಂಪು, ಒಸರುವ ಟ್ಯಾಂಕು: ಮೊದಲು ಅಳತೆ, ಆಮೇಲೆ ಕೋಟಿಂಗ್

ಮೈಸೂರಿನ ಅಕ್ಕನ ಮನೆಯಲ್ಲಿ ಎರಡು ವರ್ಷದಲ್ಲಿ ಎರಡು ಸಲ ಸಂಪಿನ ವಾಟರ್‌ಪ್ರೂಫಿಂಗ್ ಆಗಿತ್ತು. ಎರಡು ಸಲವೂ ಬಂದವರು ಒಳಗಿಳಿದು, ಗೋಡೆಗೆಲ್ಲ ಬ್ರಷ್ಷಿನಲ್ಲಿ ಬಳಿದು, ದುಡ್ಡು ಎಣಿಸಿಕೊಂಡು ಹೋಗಿದ್ದರು. ನೀರು ಮಾತ್ರ ಇಳಿಯುತ್ತಲೇ ಇತ್ತು. ಮೂರನೆಯ ಸಲ ಭಾವ ನನಗೆ ಫೋನ್ ಮಾಡಿ, "ಯಾವ ಕಂಪನಿ ಕೋಟಿಂಗ್ ಒಳ್ಳೇದು ಹೇಳಯ್ಯಾ, ಈ ಸಲ ದುಬಾರಿದೇ ಹಾಕಿಸ್ತೀನಿ" ಅಂದರು. ನೀರು ದಿನಕ್ಕೆ ಎಷ್ಟು ಇಳಿಯುತ್ತೆ, ಎಲ್ಲಿಗೆ ಬಂದು ನಿಲ್ಲುತ್ತೆ ಅಂತ ಕೇಳಿದೆ. ಅದನ್ನು ಯಾರೂ ನೋಡಿರಲಿಲ್ಲ.

ಸೈಟುಗಳಲ್ಲಿ ಹದಿನೈದು ವರ್ಷ ಕೆಲಸ ಮಾಡಿಸಿದ ಮೇಲೆ ನನಗೆ ಅನ್ನಿಸಿರುವುದು ಇಷ್ಟೇ. ಸಂಪು ಸೋರುವುದು ಸಾಮಾನ್ಯವಾಗಿ ಒಂದು ಜಾಗದಲ್ಲಿ, ಹೆಚ್ಚೆಂದರೆ ಎರಡು ಜಾಗದಲ್ಲಿ. ಆ ಜಾಗ ಹುಡುಕದೆ ಇಡೀ ಗೋಡೆಗೆ ಬಳಿದರೆ, ಸರಿಯಿದ್ದ ಗೋಡೆ ಇನ್ನಷ್ಟು ಸರಿಯಾಗುತ್ತದೆ, ತೂತು ತೂತಾಗಿಯೇ ಉಳಿಯುತ್ತದೆ.

ನೀರೇ ಜಾಗ ತೋರಿಸುತ್ತದೆ

ಅಕ್ಕನ ಮನೆಯ ಸಂಪು ಕಾಂಕ್ರೀಟಿನದು. ಒಳಗಿನ ಅಳತೆ 8 ಅಡಿ ಉದ್ದ, 6 ಅಡಿ ಅಗಲ. ಅಂದರೆ ನೆಲದ ವಿಸ್ತೀರ್ಣ ಸುಮಾರು 4.46 ಚದರ ಮೀಟರ್. ಅಂಥ ಸಂಪಿನಲ್ಲಿ ನೀರು ಒಂದು ಸೆಂಟಿಮೀಟರ್ ಇಳಿದರೆ 45 ಲೀಟರ್ ಹೋದ ಹಾಗೆ. ನಿಮ್ಮ ಸಂಪಿನದೂ ಹೀಗೇ ಲೆಕ್ಕ ಹಾಕಿಟ್ಟುಕೊಳ್ಳಿ: ಉದ್ದವನ್ನೂ ಅಗಲವನ್ನೂ ಮೀಟರಿನಲ್ಲಿ ಗುಣಿಸಿ, ಬಂದದ್ದನ್ನು ಹತ್ತರಿಂದ ಗುಣಿಸಿದರೆ ಒಂದು ಸೆಂಟಿಮೀಟರಿಗೆ ಎಷ್ಟು ಲೀಟರ್ ಎಂಬುದು ಸಿಗುತ್ತದೆ.

ಅವರೆಲ್ಲ ಊರಿನ ಮದುವೆಗೆಂದು ಹತ್ತು ದಿನ ಹೋಗುವವರಿದ್ದರು. ಅದೇ ಸಮಯ ಅಂತ ಹೊರಡುವ ಹಿಂದಿನ ದಿನ ಸಂಪು ತುಂಬಿಸಿದೆವು. ನೀರಿನ ಆಳ 165 ಸೆಂಟಿಮೀಟರ್ ಬಂತು. ತುಂಬಿದ ಮೇಲೆ ಒಳಬರುವ ವಾಲ್ವ್ ಬಂದ್ ಮಾಡಿ, ಮೋಟಾರಿನ ಸ್ವಿಚ್ ಆಫ್ ಮಾಡಿ, ಮುಚ್ಚಳ ಮುಚ್ಚಿದೆವು. ವಾಲ್ವ್ ಮೇಲೆ ಪೂರ್ತಿ ನಂಬಿಕೆ ಇಡಬೇಡಿ. ಹಳೆಯ ವಾಲ್ವ್ ತೊಟ್ಟಿಕ್ಕುತ್ತಿದ್ದರೆ ಒಂದು ಕಡೆ ಸೋರಿದ್ದನ್ನು ಇನ್ನೊಂದು ಕಡೆ ತುಂಬಿಸಿ ಲೆಕ್ಕ ತಪ್ಪಿಸುತ್ತದೆ. ಪೈಪಿನ ಬಾಯಿಗೆ ಒಣ ಬಟ್ಟೆ ಕಟ್ಟಿ, ಅರ್ಧ ಗಂಟೆ ಬಿಟ್ಟು ಮುಟ್ಟಿ ನೋಡಿದರೆ ಗೊತ್ತಾಗುತ್ತದೆ. ಹಾಗೆಯೇ ಮೋಟಾರ್ ಪೈಪಿನ ಕೆಳತುದಿಯ ಫುಟ್‌ವಾಲ್ವ್ ಕೆಟ್ಟಿದ್ದರೆ ಪೈಪಿನಲ್ಲಿದ್ದ ನೀರು ಸಂಪಿನೊಳಕ್ಕೇ ವಾಪಸ್ ಇಳಿಯುತ್ತದೆ. ಅದನ್ನೂ ಗಮನದಲ್ಲಿಟ್ಟುಕೊಳ್ಳಿ.

ಅಳೆಯಲು ಟೇಪನ್ನು ಮುಚ್ಚಳದ ಕಟ್ಟೆಯ ಒಂದೇ ಗುರುತಿನಿಂದ ಕೆಳಕ್ಕೆ ಬಿಡಬೇಕು. ದಿನಾ ಬೆಳಿಗ್ಗೆ ಏಳಕ್ಕೆ ಹೋಗಿ ಬರೆದುಕೊಂಡೆ. ಮೊದಲ ದಿನ 19 ಸೆಂಟಿಮೀಟರ್ ಇಳಿದಿತ್ತು. ಎಂಟುನೂರೈವತ್ತು ಲೀಟರ್! ಮಾರನೆಯ ದಿನ 16, ಆಮೇಲೆ 13, 10, 7, 4, ಏಳನೆಯ ದಿನ ಬರೀ 1. ಎಂಟು ಮತ್ತು ಒಂಬತ್ತನೆಯ ದಿನ ನೀರು ಅಲ್ಲಾಡಲಿಲ್ಲ. ಒಟ್ಟು 70 ಸೆಂಟಿಮೀಟರ್ ಇಳಿದು, ನೆಲದಿಂದ 95 ಸೆಂಟಿಮೀಟರ್ ಎತ್ತರದಲ್ಲಿ ನಿಂತುಬಿಟ್ಟಿತ್ತು.

ಈ ಪಟ್ಟಿಯನ್ನು ಓದುವುದು ಹೀಗೆ. ದಿನದಿಂದ ದಿನಕ್ಕೆ ಇಳಿತ ಕಡಿಮೆಯಾಗುತ್ತಾ ಹೋಗಿ ಒಂದು ಮಟ್ಟದಲ್ಲಿ ನಿಂತರೆ, ತೂತು ಆ ಮಟ್ಟದಲ್ಲಿದೆ. ತೂತಿನ ಮೇಲಿರುವ ನೀರಿನ ಎತ್ತರ ಕಡಿಮೆಯಾದಂತೆ ತಳ್ಳುವ ಒತ್ತಡವೂ ಕಡಿಮೆಯಾಗುವುದರಿಂದ ಇಳಿತ ನಿಧಾನವಾಗುತ್ತದೆ. ನೀರು ಎಲ್ಲೂ ನಿಲ್ಲದೆ ತಳ ಕಾಣುವವರೆಗೆ ಹೋದರೆ, ಸೋರಿಕೆ ನೆಲದಲ್ಲಿದೆ ಅಥವಾ ನೆಲ-ಗೋಡೆ ಸೇರುವ ಮೂಲೆಯಲ್ಲಿದೆ. ಮೊದಲ ಒಂದೆರಡು ದಿನ ಸ್ವಲ್ಪ ಇಳಿದು ಆಮೇಲೆ ನಿಂತರೆ ಅದು ಒಣ ಗೋಡೆ ಹೀರಿದ ನೀರು, ಅಥವಾ ಮೇಲ್ಭಾಗದ ಪೈಪಿನ ಸುತ್ತಲಿನ ಸಂದು. ಮನೆಯಲ್ಲಿ ಜನರಿದ್ದು ವಾರಗಟ್ಟಲೆ ನೀರು ಬಿಡಲಾಗದಿದ್ದರೆ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಅಳೆಯಿರಿ. ಒಂದು ರಾತ್ರಿ ಸಂಪು ತುಂಬಿದ್ದಾಗ, ಇನ್ನೊಂದು ರಾತ್ರಿ ಅರ್ಧ ಇದ್ದಾಗ. ಎರಡರಲ್ಲೂ ಇಳಿತ ಹೆಚ್ಚುಕಮ್ಮಿ ಒಂದೇ ಇದ್ದರೆ ತೂತು ಕೆಳಗಿದೆ ಎಂದು ಊಹಿಸಬಹುದು. ಅರ್ಧ ಇದ್ದಾಗ ಇಳಿಯದಿದ್ದರೆ ಮೇಲಿದೆ.

95 ಸೆಂಟಿಮೀಟರಿನಲ್ಲಿ ಏನಿದೆ? ಸಂಪಿನ ಗೋಡೆಯನ್ನು ಒಂದೇ ದಿನ ಪೂರ್ತಿ ಎತ್ತರಕ್ಕೆ ಹಾಕುವುದು ಅಪರೂಪ. ಮೂರಡಿ ಶಟರಿಂಗ್ ಶೀಟು ಕಟ್ಟಿ ಅಷ್ಟಕ್ಕೆ ಕಾಂಕ್ರೀಟ್ ಸುರಿದು, ಮಾರನೆಯ ದಿನವೋ ಮೂರನೆಯ ದಿನವೋ ಮೇಲಿನದ್ದನ್ನು ಸುರಿಯುತ್ತಾರೆ. ನಿಂತ ನೀರು ಆ ಜಾಯಿಂಟಿನ ಗೆರೆಯನ್ನೇ ತೋರಿಸುತ್ತಿತ್ತು.

ಒಳಗಿಳಿಯುವ ಮೊದಲು

ಇದನ್ನು ಓಡಿಸಿಕೊಂಡು ಓದಬೇಡಿ. ಮುಚ್ಚಿಟ್ಟ ಸಂಪಿನಲ್ಲಿ ಉಸಿರಾಡುವ ಗಾಳಿ ಇರುತ್ತದೆ ಎಂಬ ಭರವಸೆಯಿಲ್ಲ. ನೀರು ಖಾಲಿ ಮಾಡಿ, ಮುಚ್ಚಳ ತೆಗೆದು ಒಂದು ದಿನ ಬಿಡಿ. ಕೆಲಸ ನಡೆಯುವಷ್ಟು ಹೊತ್ತೂ ಮೇಲಿನಿಂದ ಒಳಕ್ಕೆ ಗಾಳಿ ಹೊಡೆಯುವ ಬ್ಲೋವರ್ ಇಡಿ. ಮೇಲೆ ಒಬ್ಬರು ಹಗ್ಗ ಹಿಡಿದು ನಿಂತಿರಲೇಬೇಕು. ಒಳಗಿನವರು ತಲೆ ಸುತ್ತಿ ಬಿದ್ದರೆ ಮೇಲಿನವರು ಹಿಂದೆಯೇ ಧುಮುಕಬಾರದು. ಇಬ್ಬರು ಮೂವರು ಒಟ್ಟಿಗೆ ಸಾಯುವುದು ಹಾಗೆಯೇ. ಸೊಂಟಕ್ಕೆ ಮೊದಲೇ ಹಗ್ಗ ಕಟ್ಟಿಕೊಂಡು ಇಳಿದಿದ್ದರೆ ಎಳೆಯಬಹುದು. ಪೆಟ್ರೋಲ್ ಅಥವಾ ಡೀಸೆಲ್ ಪಂಪನ್ನು ಸಂಪಿನ ಬಾಯಿಯ ಹತ್ತಿರ ನಡೆಸಬೇಡಿ, ಹೊಗೆ ಒಳಕ್ಕೇ ಇಳಿಯುತ್ತದೆ. ಬೆಳಕಿಗೆ ಬ್ಯಾಟರಿ ಲೈಟು ಸಾಕು. ಥಿನ್ನರ್ ವಾಸನೆ ಬರುವ ಪ್ರೈಮರ್, ಪೇಂಟುಗಳನ್ನು ಸಂಪಿನೊಳಗೆ ತರಲೇಬಾರದು.

ಕೆತ್ತಿದಾಗ ಸಿಕ್ಕಿದ್ದು

ಸಂಪು ಖಾಲಿ ಮಾಡಿ, ತಂತಿ ಬ್ರಷ್ಷಿನಿಂದ ಪಾಚಿ, ಸಡಿಲ ಗಾರೆ, ಹಿಂದಿನ ಎರಡು ಕೋಟಿಂಗಿನ ಹಪ್ಪಳವನ್ನೆಲ್ಲ ಕೆರೆದು ತೆಗೆಸಿದೆವು. ಹಳೆಯ ಕೋಟಿಂಗ್ ಗಟ್ಟಿಯಾಗಿ ಹಿಡಿದಿದ್ದ ಕಡೆ ಬಿಡಬಹುದು. ಚಾಕು ತೂರಿಸಿದರೆ ಏಳುತ್ತದೆ ಎಂದರೆ ತೆಗೆಯಲೇಬೇಕು. ಸಣ್ಣ ಸುತ್ತಿಗೆಯಿಂದ ಗೋಡೆಯನ್ನೆಲ್ಲ ತಟ್ಟುತ್ತಾ ಬಂದೆವು. ಏಣಿ ಮೆಟ್ಟಿಲಿನ ಹತ್ತಿರ ಒಂದು ಮೊಳದಷ್ಟು ಜಾಗದಲ್ಲಿ ಟೊಳ್ಳು ಸದ್ದು ಬಂತು. ಅಲ್ಲಿನ ಪ್ಲಾಸ್ಟರ್ ಒಡೆದು ತೆಗೆದೆವು. ಟೊಳ್ಳು ಪ್ಲಾಸ್ಟರಿನ ಮೇಲೆ ಎಂಥ ಕೋಟಿಂಗ್ ಹಾಕಿದರೂ ಪ್ಲಾಸ್ಟರ್ ಸಮೇತ ಬಿದ್ದು ಹೋಗುತ್ತದೆ.

ಆಮೇಲೆ 95 ಸೆಂಟಿಮೀಟರಿನ ಗೆರೆ. ಪೂರ್ವದ ಗೋಡೆಯಲ್ಲಿ ಉಳಿ ಹಾಕಿದ ಕೂಡಲೇ ಪ್ಲಾಸ್ಟರ್ ಒಳಗಿಂದ ಜಲ್ಲಿ ಉದುರಲು ಶುರುವಾಯಿತು. ಮರಳು, ಸಿಮೆಂಟು ತುಂಬದೆ ಬರೀ ಜಲ್ಲಿಯೇ ನಿಂತ ಜಾಗ. ನಾಲ್ಕು ಬೆರಳು ಆಳಕ್ಕೆ ಹೋದಾಗ ಮೇಸ್ತ್ರಿ ಏನೋ ಎಳೆದ. ಸಿಮೆಂಟ್ ಚೀಲದ ತುಂಡು, ಮಡಿಸಿ ತುರುಕಿದ್ದು. ಶಟರಿಂಗ್ ಶೀಟಿನ ಸಂದಿಯಿಂದ ಸಿಮೆಂಟ್ ಹಾಲು ಸೋರದಿರಲಿ ಅಂತ ಯಾರೋ ಅಂದು ತುರುಕಿದ ಚೀಲ ಗೋಡೆಯೊಳಗೇ ಉಳಿದಿತ್ತು. ಮೇಸ್ತ್ರಿ ಅದನ್ನು ಭಾವನಿಗೆ ತೋರಿಸಿ, "ಇದರ ಮೇಲೆ ಎಷ್ಟು ಸಲ ಬಳಿದರೂ ಅಷ್ಟೇ ಬಿಡಿ ಸಾರ್" ಅಂದ.

ಇಂಥ ಜಾಗವನ್ನು ಗಟ್ಟಿ ಕಾಂಕ್ರೀಟ್ ಸಿಗುವವರೆಗೆ ಕೆತ್ತಿ, ಧೂಳು ತೊಳೆದು, ಕುಗ್ಗದ ಗ್ರೌಟಿನಿಂದ ಅಥವಾ ಪಾಲಿಮರ್ ಬೆರೆಸಿದ ಗಾರೆಯಿಂದ ಒತ್ತಿ ತುಂಬಬೇಕು. ಜಾಯಿಂಟಿನ ಉಳಿದ ಗೆರೆಯನ್ನು ನಾಲ್ಕೂ ಗೋಡೆಯಲ್ಲಿ 20 ಮಿಲಿಮೀಟರ್ ಅಗಲ, ಅಷ್ಟೇ ಆಳದ ಕಾಲುವೆ ಕೊರೆದು ಅದೇ ಗಾರೆಯಿಂದ ತುಂಬಿದೆವು. ಕಬ್ಬಿಣ ಕಂಡರೆ ತುಕ್ಕು ಉಜ್ಜಿ ತೆಗೆಯದೆ ಮುಚ್ಚಬೇಡಿ.

ನೆಲ-ಗೋಡೆ ಸೇರುವ ಮೂಲೆ ಲಂಬಕೋನವಾಗಿಯೇ ಇದ್ದರೆ ಬ್ರಷ್ ಅಲ್ಲಿ ಸರಿಯಾಗಿ ಹೋಗುವುದಿಲ್ಲ, ಕೋಟಿಂಗ್ ತೆಳ್ಳಗಾಗಿ ಅಲ್ಲೇ ಬಿರಿಯುತ್ತದೆ. ಅದಕ್ಕೆ ಸುತ್ತಲೂ ಎರಡು ಇಂಚಿನಷ್ಟು ಗಾರೆಯನ್ನು ಓರೆಯಾಗಿ ಹಚ್ಚಿ, ಬಾಟಲಿಯ ಬೆನ್ನಿನಿಂದ ಎಳೆದಂತೆ ದುಂಡಗೆ ಮಾಡಿಸಿ. ಪೈಪು ಗೋಡೆ ಹಾಯುವ ಜಾಗವೂ ಅಷ್ಟೇ ಮುಖ್ಯ. ನುಣುಪಾದ ಪಿವಿಸಿ ಪೈಪನ್ನು ಸಿಮೆಂಟ್ ಹಿಡಿಯುವುದಿಲ್ಲ. ಪೈಪಿನ ಸುತ್ತ ಕೆತ್ತಿ, ಕಾಣುವ ಭಾಗವನ್ನು ಉಪ್ಪುಕಾಗದದಿಂದ ಉಜ್ಜಿ, ಪಿವಿಸಿ ಗೋಂದು ಹಚ್ಚಿ ಹಸಿ ಇರುವಾಗಲೇ ಒಣ ಮರಳು ಎರಚಿ, ಅದು ಒಣಗಿದ ಮೇಲೆ ಗಾರೆ ತುಂಬಿದರೆ ಹಿಡಿತ ಬರುತ್ತದೆ.

ಹೊಸ ಪ್ಲಾಸ್ಟರ್ ಬೇಕಾದ ಕಡೆ ಒಂದು ಪಾಲು ಸಿಮೆಂಟಿಗೆ ಮೂರು ಪಾಲು ಮರಳು. ಅದರಲ್ಲಿ ಬೆರೆಸುವ ವಾಟರ್‌ಪ್ರೂಫ್ ದ್ರಾವಣ ಸಾಮಾನ್ಯವಾಗಿ 50 ಕಿಲೋ ಚೀಲಕ್ಕೆ 200 ಮಿಲಿ. "ಜಾಸ್ತಿ ಹಾಕಿದರೆ ಜಾಸ್ತಿ ಗಟ್ಟಿ" ಅಂತ ಡಬ್ಬ ಬಗ್ಗಿಸುವವರಿದ್ದಾರೆ, ಬಿಡಬೇಡಿ. ಗಾರೆ ಹೊಂದುವ ಹೊತ್ತೂ ಬಲವೂ ಕೆಡುತ್ತವೆ.

ಯಾವ ಕೋಟಿಂಗ್, ಎಷ್ಟು

ಕುಡಿಯುವ ನೀರಿನ ಸಂಪಿನೊಳಗೆ ನಾನು ಹೆಚ್ಚಾಗಿ ಹಾಕಿಸುವುದು ಪುಡಿ ಮತ್ತು ಹಾಲಿನಂಥ ದ್ರವ, ಎರಡನ್ನೂ ಬೆರೆಸುವ ಪಾಲಿಮರ್-ಸಿಮೆಂಟ್ ಕೋಟಿಂಗ್. ಅದು ತೇವವಿರುವ ಗೋಡೆಗೇ ಹಿಡಿಯುತ್ತದೆ, ಸ್ವಲ್ಪ ಬಾಗುತ್ತದೆ, ಕೂದಲೆಳೆ ಬಿರುಕನ್ನು ತಡೆದುಕೊಳ್ಳುತ್ತದೆ. ಕುಡಿಯುವ ನೀರಿಗೆ ಯೋಗ್ಯ ಎಂಬ ಪರೀಕ್ಷೆ ಆಗಿದೆಯೇ ಎಂದು ಪ್ಯಾಕಿನ ಮಾಹಿತಿ ಹಾಳೆಯಲ್ಲಿ ನೋಡಿ. ಹಲವು ಕಂಪನಿಗಳು ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲಿ ಮಾಡಿಸಿದ ಪರೀಕ್ಷೆಯನ್ನು ನಮೂದಿಸಿರುತ್ತವೆ. ತಾರಸಿಗೆಂದು ಮಾರುವ ಕೋಟಿಂಗ್ ಉಳಿದಿದೆ ಅಂತ ಸಂಪಿನೊಳಗೆ ಬಳಿಯಬೇಡಿ.

ಎಪಾಕ್ಸಿ ಚೆನ್ನಾಗಿ ಹೊಳೆಯುತ್ತದೆ, ತೊಳೆಯಲೂ ಸುಲಭ. ಆದರೆ ಅದಕ್ಕೆ ಗೋಡೆ ಒಣಗಿರಬೇಕು, ಹೊಸ ಕಾಂಕ್ರೀಟಾದರೆ 28 ದಿನ ಕಳೆದಿರಬೇಕು. ನೆಲದೊಳಗಿನ ಸಂಪಿನ ಗೋಡೆ ಹೊರಗಿನ ಮಣ್ಣಿನ ತೇವದಿಂದ ಪೂರ್ತಿ ಒಣಗುವುದೇ ಕಷ್ಟ. ಹಿಂದಿನಿಂದ ತೇವ ತಳ್ಳಿದಾಗ ಎಪಾಕ್ಸಿ ಗುಳ್ಳೆ ಎದ್ದು ಹಾಳೆಯಂತೆ ಬರುತ್ತದೆ. ಬಿಸಿಲಿಗೆ ಒಣಗುವ ಮೇಲಿನ ಟ್ಯಾಂಕಿಗಾದರೆ ಸರಿ. ವರ್ಷಕ್ಕೊಮ್ಮೆ ಸಿಮೆಂಟ್ ಹಾಲು ಬಳಿಯುವ ಪದ್ಧತಿಯಂತೂ ಗೋಡೆ ಬೆಳ್ಳಗೆ ಕಾಣಲಿ ಎಂಬುದಕ್ಕಷ್ಟೇ. ಬಿರುಕಿನ ಮೇಲೆ ಅದೂ ಬಿರಿಯುತ್ತದೆ.

ಅಕ್ಕನ ಸಂಪಿನಲ್ಲಿ ನಾಲ್ಕು ಗೋಡೆ ಸೇರಿ ಸುಮಾರು 15.5 ಚದರ ಮೀಟರ್, ನೆಲ 4.5. ಒಟ್ಟು 20. ಒಂದು ಕೋಟ್‌ಗೆ ಚದರ ಮೀಟರಿಗೆ ಒಂದು ಕಿಲೋ ಮಿಶ್ರಣ ಎಂದರೆ ಎರಡು ಕೋಟ್‌ಗೆ 40 ಕಿಲೋ ಬೇಕು. ಈ ಲೆಕ್ಕ ನಿಮಗೆ ಗೊತ್ತಿದ್ದರೆ, 20 ಕಿಲೋದಲ್ಲಿ ಎರಡು ಕೋಟ್ ಮುಗಿಸಿದೆ ಅನ್ನುವವರನ್ನು ಅಲ್ಲೇ ಹಿಡಿಯಬಹುದು. ಪ್ಯಾಕುಗಳನ್ನು ನಿಮ್ಮೆದುರೇ ತೆರೆಸಿ, ಖಾಲಿಯಾದವನ್ನು ಎಣಿಸಿ.

ಬಳಿಯುವ ಮೊದಲು ಗೋಡೆಗೆ ನೀರು ಹೊಡೆದು ಹೀರಿಸಬೇಕು. ಅಂಗೈ ಇಟ್ಟರೆ ತಣ್ಣಗಿರಬೇಕು, ಆದರೆ ಕೈಗೆ ನೀರು ಅಂಟಬಾರದು. ಒಣ ಗೋಡೆ ಕೋಟಿಂಗಿನ ನೀರನ್ನೆಲ್ಲ ಎಳೆದುಕೊಂಡು ಅದನ್ನು ಪುಡಿ ಮಾಡುತ್ತದೆ. ಹರಿಯುವ ನೀರಿದ್ದರೆ ಅದು ಹಿಡಿಯುವುದೇ ಇಲ್ಲ. ದ್ರವವನ್ನು ಬಕೆಟ್ಟಿಗೆ ಸುರಿದು, ಅದಕ್ಕೆ ಪುಡಿಯನ್ನು ಸ್ವಲ್ಪ ಸ್ವಲ್ಪವೇ ಸೇರಿಸುತ್ತಾ ನಿಧಾನದ ಡ್ರಿಲ್‌ನಿಂದ ಗಂಟಿಲ್ಲದಂತೆ ಕಲೆಸಿ. ಪ್ಯಾಕನ್ನು ಅರ್ಧ ಮಾಡಬೇಕಾದರೆ ತಕ್ಕಡಿಯಲ್ಲೇ ಮಾಡಿ, ಕಣ್ಣಳತೆ ಬೇಡ. ಅರ್ಧ ಗಂಟೆಯಲ್ಲಿ ಮುಗಿಯುವಷ್ಟೇ ಕಲೆಸಿ. ಗಟ್ಟಿಯಾಗುತ್ತಾ ಬಂತೆಂದು ಮೇಸ್ತ್ರಿ ನೀರು ಸುರಿಯಲು ಹೊರಟರೆ ತಡೆಯಿರಿ, ಆ ಬಕೆಟ್ ಎಸೆಯುವುದೇ ಲಾಭ. ಮೊದಲ ಕೋಟ್ ಅಡ್ಡಕ್ಕೆ, ಎರಡನೆಯದು ಉದ್ದಕ್ಕೆ. ನಡುವೆ ನಾಲ್ಕರಿಂದ ಆರು ಗಂಟೆ ಸಾಕು ಎನ್ನುತ್ತಾರೆ, ಆದರೆ ಗಾಳಿಯಾಡದ ಸಂಪಿನಲ್ಲಿ ನಾನು ಮಾರನೆಯ ಬೆಳಿಗ್ಗೆಯವರೆಗೆ ಕಾಯುತ್ತೇನೆ. ಉಗುರಿನಿಂದ ಗೀರಿದರೆ ಏಳಬಾರದು.

ಎರಡು ಬಗೆಯ ಕ್ಯೂರಿಂಗ್

ಹಾಕಿದ್ದು ಗಟ್ಟಿಯಾಗಲು ಬಿಡುವ ಈ ಹಂತದಲ್ಲೇ ಹೆಚ್ಚು ಕೆಲಸ ಕೆಡುವುದು. ಗಾರೆ, ಪ್ಲಾಸ್ಟರ್, ಕಾಂಕ್ರೀಟ್, ಇವೆಲ್ಲ ಮುಖ್ಯವಾಗಿ ಸಿಮೆಂಟಿನವು. ಇವನ್ನು ಕನಿಷ್ಠ 7 ದಿನ ಒದ್ದೆ ಇಡಬೇಕು. ನಾವು ಜಾಯಿಂಟ್ ತುಂಬಿದ ಗಾರೆಗೂ ಹೊಸ ಪ್ಲಾಸ್ಟರಿಗೂ ಗೋಣಿ ಇಳಿಬಿಟ್ಟು ಒಂದು ವಾರ ದಿನಕ್ಕೆ ಮೂರು ಸಲ ನೀರು ಹೊಡೆದು, ಆಮೇಲಷ್ಟೇ ಕೋಟಿಂಗ್ ಶುರು ಮಾಡಿದೆವು. ಪಾಲಿಮರ್ ಕೋಟಿಂಗಿಗೆ ಇದೇ ಅಭ್ಯಾಸ ಮುಂದುವರಿಸಿ ಮಾರನೆಯ ದಿನವೇ ಪೈಪು ಹಿಡಿದರೆ, ಇನ್ನೂ ಹೊಂದಿಕೊಳ್ಳದ ಪಾಲಿಮರ್ ಹಾಲು ಹಾಲಾಗಿ ಕರಗಿ ನೆಲಕ್ಕೆ ಇಳಿಯುತ್ತದೆ. ಅದು ಗಾಳಿಯಲ್ಲಿ ಒಣಗಿ ಪದರ ಕಟ್ಟಬೇಕು. ಮುಚ್ಚಳ ತೆರೆದು, ಬಾಯಿಯಲ್ಲಿ ಟೇಬಲ್ ಫ್ಯಾನ್ ಇಟ್ಟು, ಐದರಿಂದ ಏಳು ದಿನ ಬಿಡಿ. ಮಳೆಗಾಲವಾದರೆ ಇನ್ನೂ ಎರಡು ಮೂರು ದಿನ ಹೆಚ್ಚು. ಕೆಲವು ಬ್ರ್ಯಾಂಡಿನವು ಒಂದು ದಿನದ ನಂತರ ಸ್ವಲ್ಪ ನೀರು ಚಿಮುಕಿಸಲು ಹೇಳುತ್ತವೆ. ಚೀಲದ ಮೇಲೆ ಬರೆದದ್ದೇ ಅಲ್ಲಿ ಕೊನೆಯ ಮಾತು. ಕಾಂಕ್ರೀಟಿನ ರಂಧ್ರದೊಳಗೆ ಹರಳು ಬೆಳೆದು ತುಂಬುವ ಕ್ರಿಸ್ಟಲೈನ್ ಕೋಟಿಂಗಿಗೆ ಇದಕ್ಕೆ ವಿರುದ್ಧವಾಗಿ ತೇವವೇ ಬೇಕು, ಮೊದಲ ಎರಡು ಮೂರು ದಿನ ದಿನಕ್ಕೆ ಮೂರು ಸಲ ನೀರನ್ನು ಮಂಜಿನಂತೆ ಸಿಂಪಡಿಸಬೇಕು. ಎರಡನ್ನೂ ಅದಲು ಬದಲು ಮಾಡಿಕೊಂಡರೆ ಎರಡೂ ಕೆಟ್ಟವು.

ಹೊರಗಿನಿಂದ ನೀರು ಒಳಬರುವ ಸಂಪು

ಕೆರೆಯ ಪಕ್ಕ, ಗದ್ದೆ ಮುಚ್ಚಿ ಮಾಡಿದ ಬಡಾವಣೆ, ಕರಾವಳಿಯ ತಗ್ಗು ಜಾಗ, ಇಂಥ ಕಡೆ ಮಳೆಗಾಲದಲ್ಲಿ ಸಮಸ್ಯೆ ತಿರುಗಿ ನಿಲ್ಲುತ್ತದೆ. ಸಂಪು ಖಾಲಿ ಮಾಡಿ ರಾತ್ರಿ ಬಿಟ್ಟರೆ ಬೆಳಿಗ್ಗೆ ತಳದಲ್ಲಿ ನೀರು ನಿಂತಿರುತ್ತದೆ. ಹತ್ತಿರದಲ್ಲಿ ಶೌಚದ ಗುಂಡಿಯೋ ಚರಂಡಿಯೋ ಇದ್ದರೆ ಆ ನೀರೂ ಬಂದಿರಬಹುದು, ಕುಡಿಯುವುದನ್ನು ಆಗಲೇ ನಿಲ್ಲಿಸಿ. ಮಾರ್ಚ್-ಏಪ್ರಿಲ್‌ನಲ್ಲಿ ಅಂತರ್ಜಲ ಇಳಿದಾಗ ಕೆಲಸ ಮಾಡುವುದು ಸುಲಭ. ಈಗಲೇ ಮಾಡಲೇಬೇಕಾದರೆ, ನೀರು ಚಿಮ್ಮುವ ಜಾಗದಲ್ಲಿ ಅರ್ಧ ಇಂಚಿನ ಪೈಪು ತುಂಡು ಕೂರಿಸಿ ನೀರನ್ನೆಲ್ಲ ಅದರೊಳಗೆ ಬರುವಂತೆ ಮಾಡಿ. ಪೈಪಿನ ಸುತ್ತ ನಿಮಿಷಗಳಲ್ಲಿ ಗಟ್ಟಿಯಾಗುವ ಪ್ಲಗ್ ಸಿಮೆಂಟನ್ನು ಉಂಡೆ ಮಾಡಿ ಅಂಗೈಯಿಂದ ಒತ್ತಿ ಹಿಡಿಯಬೇಕು, ರಬ್ಬರ್ ಗ್ಲೌಸ್ ಹಾಕಿಕೊಂಡು. ಒತ್ತಡ ಪೈಪಿನಲ್ಲಿ ಇಳಿದು ಹೋಗುತ್ತಿರುವಾಗ ಉಳಿದ ಗೋಡೆಗೆ ಕೋಟಿಂಗ್ ಮುಗಿಸಿ, ಅದು ಗಟ್ಟಿಯಾದ ಮೇಲೆ ಕೊನೆಯಲ್ಲಿ ಪೈಪನ್ನು ಕತ್ತರಿಸಿ ಅದೇ ಪ್ಲಗ್‌ನಿಂದ ಮುಚ್ಚುವುದು. ಇಲ್ಲಿ ಕ್ರಿಸ್ಟಲೈನ್ ಕೋಟಿಂಗ್ ಹೆಚ್ಚು ನಿಲ್ಲುತ್ತದೆ. ನೆಲದ ಸ್ಲ್ಯಾಬೇ ಉಬ್ಬಿ ಬಿರಿದಿದ್ದರೆ ಕೋಟಿಂಗಿನಿಂದ ಆಗುವ ಕೆಲಸವಲ್ಲ, ಸ್ಟ್ರಕ್ಚರಲ್ ಎಂಜಿನಿಯರನ್ನು ಕರೆಸಿ.

ಮತ್ತೆ ತುಂಬಿಸಿ ನೋಡುವುದು

ಒಂದೇ ಸಲ ತುಂಬಿಸಬೇಡಿ. ದಿನಕ್ಕೆ ಮೂರನೇ ಒಂದು ಭಾಗದಂತೆ ಮೂರು ದಿನ. ಕಾಂಕ್ರೀಟ್ ನೀರಿನ ಟ್ಯಾಂಕುಗಳ ಭಾರತೀಯ ಮಾನಕ ಐಎಸ್ 3370 ಹೇಳುವ ಪರೀಕ್ಷೆ ಹೀಗಿದೆ: ತುಂಬಿಸಿ 7 ದಿನ ಹೀರಿಕೊಳ್ಳಲು ಬಿಡಬೇಕು, ಆಮೇಲಿನ 7 ದಿನ 24 ಗಂಟೆಗೊಮ್ಮೆ ಅಳೆಯಬೇಕು. ಮೇಲೆ ಮುಚ್ಚಿದ ನೆಲದಡಿ ಟ್ಯಾಂಕಿನಲ್ಲಿ ಆ ಏಳು ದಿನದ ಒಟ್ಟು ಇಳಿತ ಮಾನಕದ ಮಿತಿ ಮೀರದಿದ್ದರೆ ಪಾಸ್. ಆ ಮಿತಿ 1965ರ ಆವೃತ್ತಿಯಲ್ಲಿ 40 ಮಿಲಿಮೀಟರ್ ಇತ್ತು, ಈಗಿನ ಆವೃತ್ತಿಯಲ್ಲಿ ಎಷ್ಟೆಂದು ನೋಡಿಕೊಳ್ಳಿ. ಮೀರಿದ್ದರೂ ದಿನದ ಇಳಿತ ಕಡಿಮೆಯಾಗುತ್ತಾ ಬರುತ್ತಿದ್ದರೆ ಇನ್ನೊಂದು ವಾರ ನೋಡಬಹುದು. ಅಕ್ಕನ ಸಂಪಿನ ಲೆಕ್ಕದಲ್ಲಿ 40 ಮಿಲಿಮೀಟರ್ ಅಂದರೆ ವಾರಕ್ಕೆ ಸುಮಾರು 180 ಲೀಟರ್. ಮನೆ ಸಂಪಿನಲ್ಲಿ ಅಷ್ಟು ಹೋದರೂ ನನಗೆ ಸಮಾಧಾನವಿಲ್ಲ. ನಮ್ಮದು ಆ ವಾರದಲ್ಲಿ 6 ಮಿಲಿಮೀಟರ್ ಇಳಿಯಿತು, ಕೊನೆಯ ಮೂರು ದಿನ ಟೇಪಿನಲ್ಲಿ ವ್ಯತ್ಯಾಸವೇ ಕಾಣಲಿಲ್ಲ.

ಹೊಸ ಮನೆ ಕಟ್ಟುತ್ತಿರುವವರು ಗಮನಿಸಿ: ಈ ಪರೀಕ್ಷೆ ಮುಗಿಯುವವರೆಗೆ ಸಂಪಿನ ಸುತ್ತ ಮಣ್ಣು ತುಂಬಿಸಬಾರದು. ಮಣ್ಣು ಬಿದ್ದ ಮೇಲೆ ಹೊರಗಿನ ಒದ್ದೆ ಕಲೆ ಕಾಣುವುದಿಲ್ಲ, ಕಂಟ್ರಾಕ್ಟರ್ ಅವಸರ ಮಾಡುವುದು ಹೆಚ್ಚಾಗಿ ಅಲ್ಲೇ. ಪರೀಕ್ಷೆಯ ನೀರನ್ನು ಕುಡಿಯಲು ಬಳಸದೆ ಗಿಡಕ್ಕೆ, ಅಂಗಳಕ್ಕೆ ಬಿಡಿ. ಸಂಪನ್ನು ಒಮ್ಮೆ ತೊಳೆದು ಹೊಸ ನೀರು ತುಂಬಿಸಿ.

ಮೇಲಿನ ಟ್ಯಾಂಕು

ಇದರ ಹೊರಮೈ ಕಣ್ಣೆದುರೇ ಇರುವುದರಿಂದ ಟೇಪು ಬೇಡ. ಅದೇ ಮಾನಕದ ಪ್ರಕಾರ, ತುಂಬಿಸಿ 7 ದಿನ ಬಿಟ್ಟ ಮೇಲೆ ಮುಂದಿನ 7 ದಿನ ಹೊರಗೋಡೆ ಎಲ್ಲೂ ಒಸರದೆ ಒಣಗಿ ಕಾಣಬೇಕು. ಬೆಳಿಗ್ಗೆ ಬಿಸಿಲು ಬೀಳುವ ಮೊದಲು ನೋಡಿ. ಮಧ್ಯಾಹ್ನದ ಬಿಸಿಲಿನಲ್ಲಿ ಸಣ್ಣ ಒಸರು ಒಣಗಿ ಮೋಸ ಮಾಡುತ್ತದೆ. ಹಳೆಯ ಟ್ಯಾಂಕಿನಲ್ಲಿ ಹೊರಗೆ ಸುಣ್ಣದಂಥ ಬಿಳಿ ಗೆರೆ ಇಳಿದಿದ್ದರೆ ಅದರ ಮೇಲ್ತುದಿಯ ಹತ್ತಿರವೇ ತೂತಿರುತ್ತದೆ, ಒಳಗಿನಿಂದ ಅಲ್ಲೇ ಕೆತ್ತಲು ಶುರು ಮಾಡಿ. ಹೊರಗಿನ ಪ್ಲಾಸ್ಟರ್, ಪೇಂಟು ಎಲ್ಲ ಪರೀಕ್ಷೆಯ ನಂತರ.

ಬಿಸಿಲಿಗೆ ಹಿಗ್ಗಿ ರಾತ್ರಿ ಕುಗ್ಗುವ ಗೋಡೆಗೆ ಬಾಗುವ ಕೋಟಿಂಗೇ ಬೇಕು. ಬಳಿಯುವುದು ಬೆಳಿಗ್ಗೆ ಹತ್ತರೊಳಗೆ ಅಥವಾ ಸಂಜೆ. ಇನ್ನೊಂದು ಜಾಗವನ್ನು ಯಾರೂ ನೋಡುವುದಿಲ್ಲ: ಮೇಲಿನ ಮುಚ್ಚಳದ ಸ್ಲ್ಯಾಬಿನ ಒಳಬದಿ. ನೀರು ಅಲ್ಲಿಗೆ ತಾಗುವುದಿಲ್ಲವೆಂದು ಬಳಿಯದೇ ಬಿಡುತ್ತಾರೆ. ಆದರೆ ಹಗಲೆಲ್ಲ ಕ್ಲೋರಿನ್ ಬೆರೆತ ಆವಿ ಏರಿ ಅಲ್ಲಿ ಹನಿಗಟ್ಟುತ್ತದೆ, ಕಬ್ಬಿಣ ತುಕ್ಕು ಹಿಡಿದು ಉಬ್ಬಿ ಕಾಂಕ್ರೀಟನ್ನು ಕಳಚುತ್ತದೆ. ಅಕ್ಕನ ಮನೆಯ ಟ್ಯಾಂಕಿನೊಳಗೆ ಟಾರ್ಚ್ ಬಿಟ್ಟು ನೋಡಿದಾಗ ಎರಡು ಕಂಬಿ ಬರಿಮೈಯಾಗಿ ನೇತಾಡುತ್ತಿದ್ದವು, ತಳದಲ್ಲಿ ತುಕ್ಕಿನ ಚಕ್ಕೆಗಳು. ನಲ್ಲಿಯಲ್ಲಿ ಆಗಾಗ ಬರುತ್ತಿದ್ದ ಕೆಂಪು ಪುಡಿಗೆ ಅಕ್ಕ ಹೊಸ ಫಿಲ್ಟರ್ ಹಾಕಿಸಿದ್ದಳು.